ರಟ್ಟಿನ ಬಾಕ್ಸ್ ಘಟಕದ ಯೋಜನೆಯಲ್ಲಿ ಪರಿಸರದ ಭಾಗಕ್ಕೆ ಏನು ಬರೆಯಬೇಕು?

"ವಿಜಯಪುರದಲ್ಲಿ ಒಣದ್ರಾಕ್ಷಿ ತುಂಬೋ ರಟ್ಟಿನ ಬಾಕ್ಸ್ ಮಾಡೋ ಸಣ್ಣ ಘಟಕ ಹಾಕ್ತಿದ್ದೇನೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಪರಿಸರದ ಬಗ್ಗೆ ಬರೀರಿ ಅಂತ ಬ್ಯಾಂಕಿನವರು ಹೇಳಿದ್ದಾರೆ. ಗಿಡ ನೆಡ್ತೀವಿ ಅಂತ ಬರೆದರೆ ಸಾಕಾ?"

ಗಿಡ ನೆಡ್ರಿ, ಒಳ್ಳೇದೇ. ಆದರೆ ಮುಖ್ಯವಾಗಿ ಬರೆಯಬೇಕಾದದ್ದು ಎರಡು: ಕತ್ತರಿಸಿ ಬಿಸಾಡೋ ಪೇಪರ್, ಗೋಂದು ತೊಳೆದ ನೀರು. ನಾನು ಇದೇ ಊರಲ್ಲಿ ಇದೇ ಕೆಲಸ ಮಾಡುತ್ತೇನೆ.

ಮೊದಲು ಪೇಪರ್. ನಿಮ್ಮದು 15 ಕೆಜಿ ಬಾಕ್ಸ್, ಅಗಲ 25, ಎತ್ತರ 23 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅಗಲ, ಎತ್ತರ ಕೂಡಿದರೆ 48, ಅದೇ ಒಂದು ಶೀಟಿನ ಅಗಲ. ಪೇಪರ್ ರೀಲಿನ ಅಗಲದಲ್ಲಿ ಎರಡು ಶೀಟ್ ಕೂತರೆ 96. ಅಂಚು ಕತ್ತರಿಸಲು 2 ಸೇರಿಸಿದರೆ 98. ಅಂಗಡಿಯಲ್ಲಿ ಸಿಕ್ಕಿತು ಅಂತ 105ರ ರೀಲ್ ತಂದರೆ 9 ಸೆಂ.ಮೀ. ಪಟ್ಟಿ ಸುಮ್ನೆ ಹೋಗುತ್ತೆ. ತಿಂಗಳಿಗೆ 5 ಟನ್ ಪೇಪರ್ ಓಡಿಸಿದರೆ ಸುಮಾರು 430 ಕೆಜಿ ರದ್ದಿ. 98ರ ರೀಲಿನಲ್ಲಿ ಅದು 100 ಕೆಜಿ ಮಾತ್ರ. ಹಾಗಾಗಿ ಬಾಕ್ಸಿನ ಅಳತೆ ಮೊದಲು ಗಟ್ಟಿ ಮಾಡಿ, ಆಮೇಲೆ ರೀಲ್ ಆರ್ಡರ್ ಕೊಡಿ. ರಿಪೋರ್ಟಿನಲ್ಲಿ ಈ ಲೆಕ್ಕವನ್ನೇ ಹಾಕಿ.

ಇನ್ನು ನೀರು. ಗೋಂದು ಅಂದರೆ ಮೆಕ್ಕೆಜೋಳದ ಸ್ಟಾರ್ಚ್, ಕಾಸ್ಟಿಕ್ ಸೋಡಾ, ಸ್ವಲ್ಪ ಬೋರಾಕ್ಸ್. ಸಂಜೆ ಮಷಿನ್ ತೊಳೆದ ನೀರನ್ನು ಮೊದಲ ವರ್ಷ ನಾನು ಹಿತ್ತಲಿಗೆ ಬಿಡುತ್ತಿದ್ದೆ. ನಾಲ್ಕೇ ತಿಂಗಳಲ್ಲಿ ಕಪ್ಪು ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು, ಹುಳಿ ವಾಸನೆ ಬೇರೆ. ಪಕ್ಕದ ಹೊಲದ ಯಜಮಾನರು ಆ ಹೆಂಟೆ ಒಂದನ್ನು ಕೈಯಲ್ಲಿ ಹಿಡಿದು ಬಂದು, "ಇದು ನಮ್ಮ ಬದುವಿಗೂ ಬಂದೈತಿ ನೋಡ್ರಿ" ಅಂದರು. ಇವತ್ತಿಗೂ ಆ ಮಾತು ನೆನಪಾದರೆ ಬೇಜಾರಾಗುತ್ತೆ.

ಈಗ ಆ ನೀರನ್ನು ಜಾಳಿಗೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬುತ್ತೇವೆ. ಮರುದಿನ ಬೆಳಗ್ಗೆ ಅರ್ಧ ಅದು, ಅರ್ಧ ಹೊಸ ನೀರು ಹಾಕಿ ಗೋಂದು ಕಲೆಸುತ್ತೇವೆ. ಒಂದು ರಾತ್ರಿಗಿಂತ ಜಾಸ್ತಿ ಇಡಬೇಡಿ. ನಮ್ಮ ಬೇಸಿಗೆಗೆ ಬೇಗ ಹುಳಿಯುತ್ತೆ, ಗೋಂದು ತೆಳ್ಳಗಾಗುತ್ತೆ. ಒಣಗಿದ ಶೀಟಿನ ಪದರ ಬಿಡಿಸಿ ನೋಡಿ: ಪೇಪರಿನ ನಾರು ಹರಿದು ಬಂದರೆ ಸರಿ, ನುಣ್ಣಗೆ ಬಿಟ್ಟುಕೊಂಡರೆ ಗೋಂದು ಕೆಟ್ಟಿದೆ. ಪ್ರಿಂಟಿಂಗ್ ಇಂಕ್ ತೊಳೆದ ನೀರನ್ನು ಮಾತ್ರ ಈ ಡ್ರಮ್ಮಿಗೆ ಸೇರಿಸಬೇಡಿ, ಅದಕ್ಕೆ ಬೇರೆ ವ್ಯವಸ್ಥೆ ತೋರಿಸಬೇಕು.

ಬಾಯ್ಲರ್ ಇಲ್ಲ, ಪಲ್ಪ್ ಮಾಡೋದಿಲ್ಲ ಅನ್ನೋದನ್ನು ಸ್ಪಷ್ಟವಾಗಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿ ಘಟಕದ ವರ್ಗ ನೋಡುವಾಗ ಅವನ್ನೇ ಕೇಳುತ್ತೆ. ಕಟ್ಟಡಕ್ಕೆ ಕೈ ಹಾಕೋ ಮುಂಚೆಯೇ ಮಂಡಳಿಯಲ್ಲಿ ವಿಚಾರಿಸಿ.

ಒಣದ್ರಾಕ್ಷಿಗೆ ತೇವ ತಾಗಬಾರದು ಅಂತ ಕೆಲವರು ಬಾಕ್ಸಿನ ಒಳಗೇ ಪ್ಲಾಸ್ಟಿಕ್ ಲ್ಯಾಮಿನೇಷನ್ ಕೇಳುತ್ತಾರೆ. ಒಪ್ಪಬೇಡಿ. ರಟ್ಟಿಗೆ ಅಂಟಿದ ಪ್ಲಾಸ್ಟಿಕ್ ಬಿಡಿಸೋದು ಕಷ್ಟ, ರದ್ದಿಯವರೂ ತಗೊಳ್ಳಲು ಹಿಂದೆ ಮುಂದೆ ನೋಡುತ್ತಾರೆ. ಆಹಾರಕ್ಕೆ ಹೊಂದುವ ಬಿಡಿ ಚೀಲವನ್ನು ಒಳಗಿಟ್ಟರೆ ದ್ರಾಕ್ಷಿಗೂ ರಕ್ಷಣೆ, ಆಮೇಲೆ ಎರಡನ್ನೂ ಬೇರೆ ಬೇರೆ ಮಾಡಿ ಕೊಡಬಹುದು.