ಇನ್‌ಪುಟ್ ಸೊನ್ನೆಯಾದರೂ ಫಿಲ್ಟರ್ 49ರಲ್ಲೇ ನಿಲ್ಲುವುದು ಯಾಕೆ?

"ಮೈಕ್ರೋಕಂಟ್ರೋಲರ್‌ನಲ್ಲಿ 16 ಬಿಟ್ ಫಿಕ್ಸೆಡ್ ಪಾಯಿಂಟ್ ಲೋ-ಪಾಸ್ ಫಿಲ್ಟರ್ ಬರೆದಿದ್ದೇನೆ: y = 0.99y + 0.01x. ಇನ್‌ಪುಟ್ ಸೊನ್ನೆ ಆದ್ಮೇಲೂ ಔಟ್‌ಪುಟ್ 49ಕ್ಕೆ ಬಂದು ನಿಂತುಬಿಡುತ್ತೆ. ಫ್ಲೋಟ್‌ನಲ್ಲಿ ಸರಿ ಇದೆ. ಯಾಕೆ?"

ನೀವು 0.99 ಅನ್ನು Q15ರಲ್ಲಿ 32440 ಎಂದು ಬರೆದು, ಗುಣಲಬ್ಧಕ್ಕೆ 16384 ಕೂಡಿಸಿ 15 ಬಿಟ್ ಬಲಕ್ಕೆ ಸರಿಸುತ್ತಿದ್ದೀರಿ, ಅಲ್ವಾ? ಆ 49 ನೋಡಿದರೇ ಗೊತ್ತಾಗುತ್ತದೆ.

49ರ 0.99 ಪಾಲು 48.51. ರೌಂಡ್ ಮಾಡಿದರೆ ಮತ್ತೆ 49. ಫಿಲ್ಟರ್ ಪ್ರತಿ ಸಲ 0.49ರಷ್ಟು ಇಳಿಯಲು ನೋಡುತ್ತದೆ, ರೌಂಡಿಂಗ್ ಅದನ್ನು ವಾಪಸ್ ಕೊಟ್ಟುಬಿಡುತ್ತದೆ. ಹೀಗೆ ಸಿಕ್ಕಿಕೊಳ್ಳುವ ವಲಯಕ್ಕೆ ಡೆಡ್ ಬ್ಯಾಂಡ್ ಎನ್ನುತ್ತಾರೆ. ಅದರ ಅಗಲ ಸೊನ್ನೆಯ ಎರಡೂ ಕಡೆ ಸುಮಾರು `0.5/(1-|a|)`; a ಎಂದರೆ yಯ ಗುಣಾಂಕ, ಇಲ್ಲಿ 0.99. ಗುಣಾಂಕ −0.99 ಆಗಿದ್ದರೆ ಔಟ್‌ಪುಟ್ ನಿಲ್ಲುವ ಬದಲು +49, −49 ಎಂದು ಕುಣಿಯುತ್ತಲೇ ಇರುತ್ತಿತ್ತು. ಎರಡೂ ಲಿಮಿಟ್ ಸೈಕಲ್‌ಗಳೇ.

ಪುಸ್ತಕದ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ರೌಂಡಿಂಗ್ ತಪ್ಪನ್ನು 1/12 ವೇರಿಯನ್ಸ್ ಇರುವ ನಾಯ್ಸ್ ಎಂದುಕೊಂಡರೆ, ಫೀಡ್‌ಬ್ಯಾಕ್ ಅದನ್ನು `1/(1-a²)`, ಅಂದರೆ ಸುಮಾರು 50 ಪಟ್ಟು ಮಾಡುತ್ತದೆ. ಔಟ್‌ಪುಟ್‌ನಲ್ಲಿ ಬರೀ 2 ಕೌಂಟ್ ಆರ್‌ಎಂಎಸ್. ಇನ್‌ಪುಟ್ ಚೆನ್ನಾಗಿ ಏರಿಳಿಯುತ್ತಿದ್ದಾಗ ಇದು ಸರಿ. ಇನ್‌ಪುಟ್ ಸುಮ್ಮನಾದರೆ ಪ್ರತಿ ಸಲವೂ ಅದೇ ತಪ್ಪು, ಅದೇ ದಿಕ್ಕಿಗೆ. ಅದು ನಾಯ್ಸ್ ಅಲ್ಲವೇ ಅಲ್ಲ.

ನಾನು ಇದಕ್ಕೆ ಸಿಕ್ಕಿದ್ದು ಒಂದು ತೂಕದ ಯಂತ್ರದಲ್ಲಿ. ಭಾರ ಇಳಿಸಿದಾಗ ರೀಡಿಂಗ್ 49 ಜಾಸ್ತಿ, ಏರಿಸಿದಾಗ 49 ಕಡಿಮೆ. ಲೋಡ್ ಸೆಲ್‌ನ ಹಿಸ್ಟರಿಸಿಸ್ ಎಂದುಕೊಂಡು ಎರಡು ಸೆಲ್ ಬದಲಿಸಿದೆವು. ಕೊನೆಗೆ ಎಡಿಸಿ ಬಿಟ್ಟು ಕೋಡಿನಿಂದಲೇ ಸೊನ್ನೆ ಕೊಟ್ಟು ನೋಡಿದೆ. ಆಗಲೂ 49, ಒಂದು ಕೌಂಟ್ ಕೂಡ ಅಲುಗಲಿಲ್ಲ. ನೀವೂ ಮೊದಲು ಇದನ್ನೇ ಮಾಡಿ ನೋಡಿ.

16384 ಕೂಡಿಸದೆ ಸುಮ್ನೆ `>>` ಮಾಡಿದರೆ ಸರಿಹೋಯಿತು ಎನಿಸಬಹುದು, ಯಾಕೆಂದರೆ ಮೇಲಿನಿಂದ ಬಂದರೆ ಸೊನ್ನೆ ಮುಟ್ಟುತ್ತದೆ. ಆದರೆ ಕೆಳಗಿನಿಂದ ಬಂದರೆ −99ರಲ್ಲಿ ನಿಲ್ಲುತ್ತದೆ, `>>` ಯಾವಾಗಲೂ ಕೆಳಕ್ಕೇ ಕತ್ತರಿಸುವುದರಿಂದ.

ನನಗೆ ಹಿಡಿಸಿದ ಪರಿಹಾರ, ಕತ್ತರಿಸಿದ ಚೂರನ್ನು ಎಸೆಯದೆ ಮುಂದಿನ ಸಲಕ್ಕೆ ಕೂಡಿಸುವುದು:

```c
acc = 32440L*y + 328L*x + err;  // int32_t
y   = acc >> 15;
err = acc & 0x7FFF;
```

`err` ಅನ್ನು `static` ಮಾಡಿ, ಸೊನ್ನೆಯಿಂದ ಶುರು ಮಾಡಿ. ಈಗ y 49ರಲ್ಲಿದ್ದರೆ `err` ಪ್ರತಿ ಸಲ 328×49ರಷ್ಟು ಕರಗುತ್ತದೆ, ಮುಗಿದ ತಕ್ಷಣ y ಒಂದು ಮೆಟ್ಟಿಲು ಇಳಿಯುತ್ತದೆ. x ಸ್ಥಿರವಾಗಿದ್ದರೆ y ನಿಖರವಾಗಿ x ಮುಟ್ಟುವವರೆಗೂ ನಿಲ್ಲುವುದಿಲ್ಲ. 50 ಪಟ್ಟಾಗುತ್ತಿದ್ದ ನಾಯ್ಸ್ ಕೂಡ `2/(1+a)`, ಅಂದರೆ ಹೆಚ್ಚುಕಡಿಮೆ 1 ಪಟ್ಟಿಗೆ ಇಳಿಯುತ್ತದೆ. 32440 ಮತ್ತು 328 ಸೇರಿ 32768 ಆಗುವುದರಿಂದ `acc` 32 ಬಿಟ್ ದಾಟುವುದಿಲ್ಲ. ಗುಣಾಂಕ ಬದಲಿಸಿದರೆ ಈ ಮೊತ್ತವನ್ನು ಹಾಗೇ ಕಾಪಾಡಿಕೊಳ್ಳಿ.