ಡೇಕೇರ್ ಮಗುವಿಗೆ ನೆಗಡಿ ಮೇಲೆ ನೆಗಡಿ: ರೋಗನಿರೋಧಕ ಶಕ್ತಿ ಕಡಿಮೆ ಇದೆಯೇ?

ಪ್ರಶ್ನೆ: ನನ್ನ ಮಗನಿಗೆ 22 ತಿಂಗಳು. ಡೇಕೇರ್‌ಗೆ ಸೇರಿಸಿ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಆರು ಸಲ ನೆಗಡಿ, ಎರಡು ಸಲ ಜ್ವರ, ಒಮ್ಮೆ ಕಿವಿನೋವು. ಮೂಗು ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಸೋರುತ್ತದೆ. ತೂಕ ಸೇರಿಸಿದಾಗ 10.6 ಕೆ.ಜಿ. ಇತ್ತು, ಈಗ 11.4. ಅವನಿಗೆ ರೋಗನಿರೋಧಕ ಶಕ್ತಿ ಕಡಿಮೆ ಇದೆಯೇ? ರಕ್ತಪರೀಕ್ಷೆ ಮಾಡಿಸಬೇಕೇ?

ಉತ್ತರ: ನೀವು ಬರೆದಿರುವ ವಿವರದಲ್ಲಿ ರೋಗನಿರೋಧಕ ಶಕ್ತಿ ಕುಂದಿದೆ ಎಂದು ಅನುಮಾನಪಡುವಂಥದ್ದು ಏನೂ ಇಲ್ಲ. ಈಗಲೇ ರಕ್ತಪರೀಕ್ಷೆ ಬೇಕಿಲ್ಲ.

ಮೊದಲು ಲೆಕ್ಕ ನೋಡೋಣ. ಈ ವಯಸ್ಸಿನ ಆರೋಗ್ಯವಂತ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುತ್ತದೆ. ಡೇಕೇರ್‌ನ ಮೊದಲ ವರ್ಷದಲ್ಲಿ ಅದು ಹತ್ತು, ಹನ್ನೆರಡಕ್ಕೆ ಏರುವುದೂ ಉಂಟು, ಅದರಲ್ಲೂ ಶುರುವಿನ ತಿಂಗಳುಗಳಲ್ಲಿ ಒತ್ತೊತ್ತಾಗಿ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಒಂದು ನೆಗಡಿ ಪೂರ್ತಿ ಇಳಿಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಂದಕ್ಕೆ 12 ದಿನ ಎಂದಿಟ್ಟುಕೊಂಡರೆ ಆರು ನೆಗಡಿಗೆ 72 ದಿನ. ನಾಲ್ಕು ತಿಂಗಳೆಂದರೆ ಸುಮಾರು 120 ದಿನ. ಉಳಿದ 48 ದಿನ ಆರು ಕಡೆ ಹಂಚಿಹೋದರೆ ಎರಡು ನೆಗಡಿಗಳ ನಡುವೆ ಸಿಗುವುದು ಒಂದು ವಾರ ಚಿಲ್ಲರೆ. ಮಗ ಸದಾ ನೆಗಡಿಯಲ್ಲೇ ಇದ್ದಾನೆ ಎಂದು ನಿಮಗೆ ಅನಿಸುವುದು ಸಹಜವೇ.

ಇಷ್ಟೊಂದು ಸಲ ಯಾಕೆ ಬರುತ್ತದೆ? ನೆಗಡಿ ಎನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ಅದಕ್ಕೆ ಹೆಚ್ಚಾಗಿ ಕಾರಣವಾಗುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯ ವಿರುದ್ಧ ದೇಹ ಕಲಿತ ಪಾಠ ಇನ್ನೊಂದಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ, ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಮೊದಲ ಆರು ತಿಂಗಳಲ್ಲಿ ಬಹುಪಾಲು ಕರಗಿರುತ್ತವೆ. ಅಲ್ಲಿಂದ ಮುಂದೆ ಮಗು ಪ್ರತಿಯೊಂದನ್ನೂ ತಾನೇ ಎದುರಿಸಿ ಕಲಿಯಬೇಕು. ಮನೆಯಲ್ಲಿದ್ದಾಗ ನಾಲ್ಕೈದು ಜನರ ವೈರಸ್‌ಗಳಷ್ಟೇ ತಲುಪುತ್ತಿದ್ದವು. ಡೇಕೇರ್‌ನಲ್ಲಿ ಹದಿನೈದು ಮಕ್ಕಳಿದ್ದರೆ ಹದಿನೈದು ಮನೆಗಳ ವೈರಸ್‌ಗಳು ಒಂದೇ ಕೋಣೆಗೆ ಬರುತ್ತವೆ. ಒಬ್ಬನ ಬಾಯಿಂದ ತೆಗೆದ ಆಟಿಕೆ ಮರುಕ್ಷಣ ಇನ್ನೊಬ್ಬಳ ಬಾಯಿಗೆ ಹೋಗುತ್ತದೆ. ಮೂಗು ಸೋರುವ ಮಗುವನ್ನು ಮನೆಗೆ ಕಳಿಸಿದರೂ ಇದು ಪೂರ್ತಿ ನಿಲ್ಲುವುದಿಲ್ಲ. ಲಕ್ಷಣ ಕಾಣುವ ಮೊದಲೇ ವೈರಸ್ ಹರಡಲು ಶುರುವಾಗಿರುತ್ತದೆ, ಮೂಗು ಒಣಗಿದ ಮೇಲೂ ಕೆಲವು ದಿನ ಹೊರಬೀಳುತ್ತಿರುತ್ತದೆ.

ಇಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಹೆಚ್ಚು ಮಕ್ಕಳಿರುವ ಡೇಕೇರ್‌ನಲ್ಲಿ ಬೆಳೆದವರಿಗೆ ಎರಡು ವರ್ಷದ ವಯಸ್ಸಿನಲ್ಲಿ ನೆಗಡಿ ಜಾಸ್ತಿ ಇದ್ದರೂ, ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ಮನೆಯಲ್ಲೇ ಬೆಳೆದ ಮಕ್ಕಳಿಗಿಂತ ಕಡಿಮೆ ಬಂದದ್ದು ದೀರ್ಘಕಾಲದ ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ಇದೊಂದೇ ಕಾರಣಕ್ಕೆ ಡೇಕೇರ್ ಬಿಡಿಸಬೇಕಾಗಿಲ್ಲ.

ರೋಗನಿರೋಧಕ ಶಕ್ತಿಯಲ್ಲಿ ನಿಜವಾದ ದೋಷವಿದ್ದರೆ ಕಾಯಿಲೆಯ ಸ್ವರೂಪವೇ ಬೇರೆ ಇರುತ್ತದೆ. ಎಷ್ಟು ಸಲ ಬಂತು ಎನ್ನುವುದಕ್ಕಿಂತ ಎಂಥದ್ದು ಬಂತು, ಹೇಗೆ ಇಳಿಯಿತು ಎನ್ನುವುದು ಮುಖ್ಯ. ಇಂಥ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಪ್ರತಿಕಾಯಗಳ ಕೊರತೆ. ಆಗ ಬ್ಯಾಕ್ಟೀರಿಯಾ ಸೋಂಕುಗಳು ಕಿವಿ, ಸೈನಸ್, ಶ್ವಾಸಕೋಶಗಳಲ್ಲಿ ಬೇರೂರುತ್ತವೆ. ರೋಗನಿರೋಧಕ ದೋಷದ ಅನುಮಾನ ಹುಟ್ಟಿಸುವ ಲಕ್ಷಣಗಳು ಇವು: ಒಂದು ವರ್ಷದಲ್ಲಿ ನಾಲ್ಕು ಅಥವಾ ಹೆಚ್ಚು ಸಲ ಹೊಸದಾಗಿ ಕಿವಿಯ ಸೋಂಕು, ಎರಡು ಸಲ ನ್ಯುಮೋನಿಯಾ, ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೂ ಇಳಿಯದ ಸೋಂಕು, ಚರ್ಮದಲ್ಲಿ ಅಥವಾ ಒಳ ಅಂಗಗಳಲ್ಲಿ ಪದೇ ಪದೇ ಕೀವು ತುಂಬುವುದು, ಒಂದು ವರ್ಷ ದಾಟಿದ ಮೇಲೂ ಬಾಯಲ್ಲಿ ಬಿಟ್ಟುಹೋಗದ ಬಿಳಿ ಶಿಲೀಂಧ್ರ, ಏರದ ತೂಕ. ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಇಂಥ ದೋಷವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇವುಗಳಲ್ಲಿ ಒಂದಿದ್ದರೂ ವಿಚಾರಿಸುವುದು ಸರಿ.

ನಿಮ್ಮ ಮಗನಿಗೆ ಕಿವಿನೋವು ಬಂದದ್ದು ಒಮ್ಮೆ. ನೆಗಡಿಯಲ್ಲಿ ಕಿವಿ ಮತ್ತು ಗಂಟಲ ನಡುವಿನ ಕಿರಿದಾದ ನಾಳ ಊದಿ ಮುಚ್ಚಿಕೊಳ್ಳುವುದರಿಂದ ಈ ವಯಸ್ಸಿನಲ್ಲಿ ಇದು ಸಾಮಾನ್ಯ. ಇಷ್ಟು ನೆಗಡಿಗಳ ನಡುವೆಯೂ ನಾಲ್ಕು ತಿಂಗಳಲ್ಲಿ 800 ಗ್ರಾಂ ಏರಿದ್ದಾನೆ. ಈ ವಯಸ್ಸಿನ ಗಂಡುಮಗುವಿಗೆ ಅದು ಸರಿಯಾದ ಬೆಳವಣಿಗೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಅಂಕಿ ಅದೇ.

ಇನ್ನು ಮೂರು ತಿಂಗಳು ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನವೂ ಜ್ವರ, ಮೂಗು, ಕೆಮ್ಮು, ಊಟ ಹೇಗಿತ್ತು ಎಂದು ಒಂದೊಂದು ಅಕ್ಷರದಲ್ಲಿ ಗುರುತು ಹಾಕಿ. ಮೂಗಿನದನ್ನು ಸ್ವಲ್ಪ ಗಮನವಿಟ್ಟು ನೋಡಿ. ಮೊದಲೆರಡು ದಿನ ನೀರಿನಂತಿದ್ದ ಸಿಂಬಳ ಆಮೇಲೆ ಮಂದವಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಹಸಿರು ಬಣ್ಣ ಬರುವುದು ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಂದ, ಅದೊಂದನ್ನೇ ನೋಡಿ ಆಂಟಿಬಯಾಟಿಕ್ ಕೊಡಬಾರದು. ಮಂದವಾಗಿದ್ದದ್ದು ಮತ್ತೆ ನೀರಾಗಿ, ಜೊತೆಗೆ ಹೊಸದಾಗಿ ಮೈ ಬೆಚ್ಚಗಾದರೆ ಹೊಸ ನೆಗಡಿ ಶುರುವಾಗಿದೆ ಎಂದು ತಿಳಿಯಿರಿ. ಹತ್ತು ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಇಳಿದು ಮತ್ತೆ ಜ್ವರದೊಡನೆ ಜೋರಾದರೆ, ಅಥವಾ ಕಫದ ಕೆಮ್ಮು ನಾಲ್ಕು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಅದು ನೆಗಡಿಯೇ ಅಲ್ಲದಿರಬಹುದು. ಮಣಿಯೋ ಕಾಳೋ ಒಳಗೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ನೀವೇ ತೆಗೆಯಲು ಹೋಗಬೇಡಿ.

ಮುಂದೆ ಯಾವಾಗಲಾದರೂ ಪರೀಕ್ಷೆ ಬೇಕಾದರೆ ಪೂರ್ಣ ರಕ್ತಕಣ ಎಣಿಕೆ ಮತ್ತು ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಮಟ್ಟದಿಂದ ಶುರುಮಾಡುತ್ತಾರೆ. ಇಲ್ಲಿ ಎಡವುವುದು ಸುಲಭ. ವರದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಟ್ಟ ದೊಡ್ಡವರದಾಗಿದ್ದರೆ ಮಗುವಿನ ಅಂಕಿ ಕಡಿಮೆ ಎಂದೇ ಬರುತ್ತದೆ. ಐಜಿಎ ಅಂತೂ ದೊಡ್ಡವರ ಮಟ್ಟ ಮುಟ್ಟಲು ವರ್ಷಗಳೇ ಹಿಡಿಯುತ್ತದೆ. ಆ ವಯಸ್ಸಿನ ಮಕ್ಕಳ ಮಟ್ಟದ ಜೊತೆಗೇ ಹೋಲಿಸಬೇಕು.

ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿ. ವೈದ್ಯರು ಹೇಳದೆ ಕೆಮ್ಮು, ನೆಗಡಿಯ ಸಿರಪ್ ಕೂಡ ಕೊಡಬೇಡಿ. ಈ ವಯಸ್ಸಿನಲ್ಲಿ ಅವುಗಳ ಉಪಯೋಗಕ್ಕಿಂತ ಅಪಾಯ ಹೆಚ್ಚು. ಮೂಗು ಕಟ್ಟಿದರೆ ಮಲಗಿಸುವ, ಉಣಿಸುವ ಮೊದಲು ಸಲೈನ್ ಹನಿ ಸಾಕು. ಡೇಕೇರ್‌ನಿಂದ ಬಂದ ಕೂಡಲೇ ಸೋಪಿನಿಂದ 20 ಸೆಕೆಂಡು ಅವನ ಕೈ ತೊಳೆಸಿ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ, ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದದಂತೆ ನೋಡಿಕೊಳ್ಳಿ.

ನೆಗಡಿ ಎದೆಗೆ ಇಳಿದಿದೆಯೇ ಎಂಬ ಅನುಮಾನ ಬಂದರೆ, ಮಗು ಮಲಗಿದ್ದಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 40 ಅಥವಾ ಹೆಚ್ಚಾದರೆ ಅದೇ ದಿನ ವೈದ್ಯರ ಬಳಿ ಹೋಗಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಏನೂ ಕುಡಿಯದಿದ್ದರೆ ಅಥವಾ ಎಬ್ಬಿಸಿದರೂ ಮಂಕಾಗಿದ್ದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.