ಪಕ್ಕದ ರೌಟರ್ ಬಿಟ್ಟು ಜಗಲಿಯದಕ್ಕೇ ಜೋತುಬೀಳುವ ಫೋನು

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಉದ್ದನೆಯ ಹಂಚಿನ ಮನೆ. ಫೈಬರ್ ಬಂದಿರುವುದು ಜಗಲಿಗೆ. ನಾನು ಕೆಲಸಕ್ಕೆ ಕೂರುವುದು ಹಿತ್ತಿಲ ಕಡೆಯ ಕೋಣೆಯಲ್ಲಿ. ಅಲ್ಲಿಗೆ ಕೇಬಲ್ ಎಳೆಸಿ ಎರಡನೇ ರೌಟರ್ ಇಟ್ಟಿದ್ದೇನೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೂ ನನ್ನ ಐಫೋನು ಎದುರಿಗಿರುವ ರೌಟರ್ ಬಿಟ್ಟು ಜಗಲಿಯದನ್ನೇ ಹಿಡಿದಿರುತ್ತದೆ. ಕರೆಂಟು ಹೋಗಿ ಬಂದ ದಿನವಂತೂ ಇದು ಖಾಯಂ. ಜಗಲಿಯದು ಇನ್ವರ್ಟರ್ ಮೇಲಿದೆ, ಹಿತ್ತಿಲದು ಇಲ್ಲ. ಎರಡರ ಸಿಗ್ನಲ್ ಅಳತೆಯನ್ನೂ ಕಳಿಸಿದ್ದೇನೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಅಂಗಡಿಯವರು ಇನ್ನೂ ಪವರ್‌ಫುಲ್ ರೌಟರ್ ತಗೊಳ್ಳಿ ಅನ್ನುತ್ತಾರೆ. ತಗೊಳ್ಳಲೇ?

ಉತ್ತರ: ಬೇಡ. ಅಂಗಡಿಯವರು ಹೇಳಿದ್ದನ್ನು ಮಾಡಿದರೆ ತೊಂದರೆ ಹೆಚ್ಚಾಗುತ್ತದೆ. ಮಳೆಗಾಲ ಶುರುವಾಯಿತೆಂದರೆ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಯಾರೋ ಒಬ್ಬರು ಅವರಿಗೆ ಆಗಲೇ ದೊಡ್ಡ ಆಂಟೆನಾದ ಡಬ್ಬಿಯೊಂದನ್ನು ಮಾರಿರುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತೇನೆ.

ಯಾವ ರೌಟರ್ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ತೀರ್ಮಾನ ಫೋನಿನದು. ರೌಟರಿನದಲ್ಲ. ವೈಫೈ ನಿಯಮವೇ ಹಾಗಿದೆ. ಫೋನು ಸದಾಕಾಲ ಸುತ್ತ ಹುಡುಕುತ್ತಲೂ ಇರುವುದಿಲ್ಲ. ಹುಡುಕಲು ಅದು ತನ್ನ ಚಾನೆಲ್ ಬಿಟ್ಟು ಬೇರೆ ಚಾನೆಲ್‌ಗಳಿಗೆ ಹೋಗಿ ಕೇಳಿ ಬರಬೇಕು. ಅದಕ್ಕೆ ಬ್ಯಾಟರಿ ಖರ್ಚಾಗುತ್ತದೆ, ನಡೆಯುತ್ತಿರುವ ಕರೆಯೂ ತುಸು ತಡವರಿಸುತ್ತದೆ. ಹಾಗಾಗಿ ಹಿಡಿದ ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗೆ ಬೀಳುವವರೆಗೂ ಫೋನು ತಲೆ ಎತ್ತಿ ನೋಡುವುದಿಲ್ಲ. ಐಫೋನಿಗೆ ಆ ಮಟ್ಟ ಮೈನಸ್ 70 ಡಿಬಿಎಂ ಎಂದು ಆಪಲ್ ತಾನೇ ಪ್ರಕಟಿಸಿದೆ. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು: ಮೈನಸ್ 45 ಅಂದರೆ ರೌಟರ್ ಪಕ್ಕದಲ್ಲೇ ಇದೆ, ಮೈನಸ್ 80 ಅಂದರೆ ಎಳೆದಾಡಿಕೊಂಡು ನಡೆಯುತ್ತಿದೆ. ಮಟ್ಟದ ಕೆಳಗೆ ಬಿದ್ದ ಮೇಲೂ ಐಫೋನು ಸುಮ್ಮನೆ ಹಾರುವುದಿಲ್ಲ. ಡೇಟಾ ಹರಿಯುತ್ತಿದ್ದರೆ ಹೊಸದು 8 ಡಿಬಿ, ಸುಮ್ಮನಿದ್ದರೆ 12 ಡಿಬಿ ಜೋರಾಗಿರಬೇಕು. ಆಂಡ್ರಾಯ್ಡ್‌ನಲ್ಲಿ ಈ ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆ, ಸ್ವಭಾವ ಮಾತ್ರ ಇದೇ.

ಈಗ ನೀವು ಕಳಿಸಿದ ಅಳತೆಗಳನ್ನು ನೋಡಿ. ಹಿತ್ತಿಲ ಕೋಣೆಯ ಮೇಜಿನ ಮೇಲೆ ಫೋನಿಟ್ಟಾಗ ಪಕ್ಕದ ರೌಟರ್‌ನ 5 ಗಿಗಾಹರ್ಟ್ಸ್ ಮೈನಸ್ 47. ಜಗಲಿಯ ರೌಟರ್‌ನ 5 ಗಿಗಾಹರ್ಟ್ಸ್ ಮೈನಸ್ 84. ನಡುವೆ ಎರಡು ಚಿರೆಕಲ್ಲಿನ ಗೋಡೆಗಳಿವೆ, ಅಷ್ಟೇ ಉಳಿಯುವುದು. ಆದರೆ ಜಗಲಿಯದರ 2.4 ಗಿಗಾಹರ್ಟ್ಸ್ ಮೈನಸ್ 66. ನಿಮ್ಮ ಗೋಳಿಗೆಲ್ಲ ಕಾರಣ ಈ ಒಂದು ಅಂಕಿ. ಮೈನಸ್ 66 ಎಂಬುದು ಮೈನಸ್ 70ಕ್ಕಿಂತ ಮೇಲಿದೆ. ಫೋನಿನ ಮಟ್ಟಿಗೆ ಎಲ್ಲವೂ ಸರಿಯಿದೆ, ಹುಡುಕುವ ಅಗತ್ಯವೇ ಇಲ್ಲ. ಪಕ್ಕದಲ್ಲೇ ಮೈನಸ್ 47 ಇರುವುದು ಅದಕ್ಕೆ ಗೊತ್ತೇ ಇಲ್ಲ, ಏಕೆಂದರೆ ಅದು ನೋಡಿಯೇ ಇಲ್ಲ. ವೈಫೈ ಆಫ್-ಆನ್ ಮಾಡಿದಾಗ ಅದು ಮೊದಲಿನಿಂದ ಎಲ್ಲವನ್ನೂ ಹುಡುಕಿ ಜೋರಾಗಿರುವುದನ್ನು ಆರಿಸುತ್ತದೆ. ನಿಮಗೆ ಸರಿಹೋದಂತೆ ಕಾಣುವುದು ಇದೇ.

ಕರೆಂಟಿನ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಜಗಲಿಯ ಡಬ್ಬಿ ಇನ್ವರ್ಟರ್ ಮೇಲಿದೆ, ಹಿತ್ತಿಲ ರೌಟರ್ ಇಲ್ಲ ಎಂದು ನೀವೇ ಬರೆದಿದ್ದೀರಿ. ಕರೆಂಟು ಹೋದ ಕ್ಷಣ ಹಿತ್ತಿಲ ರೌಟರ್ ಸಾಯುತ್ತದೆ, ಫೋನು ಉಳಿದಿರುವ ಜಗಲಿಯದನ್ನು ಹಿಡಿಯುತ್ತದೆ. ಅದು ಸರಿಯಾದ ನಡೆ. ಕರೆಂಟು ಬಂದ ಮೇಲೆ ಹಿತ್ತಿಲ ರೌಟರ್ ಮತ್ತೆ ಶುರುವಾದರೂ ಫೋನು ಮೈನಸ್ 66ರಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ದಿನಕ್ಕೆಷ್ಟು ಸಲ ಆಗುತ್ತದೆಂದು ನಾನು ಹೇಳಬೇಕಿಲ್ಲ.

ಆದ್ದರಿಂದ ಮೊದಲ ಕೆಲಸ, ಹಿತ್ತಿಲ ರೌಟರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಮನೆಯ ಇನ್ವರ್ಟರಿಗೆ ಅದೊಂದು ಭಾರವೇ ಅಲ್ಲ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧಕ್ಕೆ ಜಗಲಿಯ ರೌಟರ್‌ನ 2.4 ಗಿಗಾಹರ್ಟ್ಸ್ ಶಕ್ತಿಯನ್ನು ಇಳಿಸಬೇಕು. ಹೌದು, ಇಳಿಸಬೇಕು. ಅದರ ಸೆಟಿಂಗ್ ಪುಟದಲ್ಲಿ Transmit Power ಅಥವಾ TX Power ಎಂದಿರುತ್ತದೆ. 100ರಿಂದ 50 ಪ್ರತಿಶತಕ್ಕೆ ಇಳಿಸಿದರೆ 3 ಡಿಬಿ ಕಮ್ಮಿ, 25ಕ್ಕೆ ಇಳಿಸಿದರೆ 6 ಡಿಬಿ ಕಮ್ಮಿ. ನಿಮ್ಮ ಮೈನಸ್ 66 ಆಗ ಮೈನಸ್ 72 ಆಗುತ್ತದೆ. 70ರ ಗೆರೆ ದಾಟಿತು, ಫೋನು ಹುಡುಕುತ್ತದೆ, ಮೈನಸ್ 47 ಸಿಗುತ್ತದೆ. ವ್ಯತ್ಯಾಸ 25 ಡಿಬಿ, ಬೇಕಾದ 8 ಅಥವಾ 12ಕ್ಕಿಂತ ಎಷ್ಟೋ ಹೆಚ್ಚು. ಹಾರುತ್ತದೆ. ಕೆಲವು ಡಬ್ಬಿಗಳಲ್ಲಿ ಪ್ರತಿಶತ ಇರುವುದಿಲ್ಲ, High, Medium, Low ಎಂದಷ್ಟೇ ಇರುತ್ತದೆ. ಒಂದೊಂದು ಮೆಟ್ಟಿಲು ಇಳಿಸಿ, ಅದೇ ಮೇಜಿನ ಮೇಲೆ ಅದೇ ಫೋನಿನಿಂದ ಮತ್ತೆ ಅಳೆಯಿರಿ. ಬೇರೆ ಫೋನಿನಲ್ಲಿ ಅಳೆದರೆ ಐದಾರು ಡಿಬಿ ಆಚೀಚೆ ತೋರಿಸಬಹುದು, ಆಗ ಲೆಕ್ಕವೇ ತಪ್ಪುತ್ತದೆ.

ಅಳೆಯುವುದು ಹೇಗೆಂದು ಗೊತ್ತಿಲ್ಲದ ಉಳಿದ ಓದುಗರಿಗೆ: ಐಫೋನಿನಲ್ಲಿ AirPort Utility ಆ್ಯಪ್ ಹಾಕಿ, ಫೋನಿನ ಸೆಟಿಂಗ್ಸ್‌ನಲ್ಲಿ ಆ ಆ್ಯಪಿನ Wi-Fi Scanner ಆನ್ ಮಾಡಿದರೆ ಪ್ರತಿ ರೌಟರ್‌ನ ಅಂಕಿ ಕಾಣುತ್ತದೆ. ಆಂಡ್ರಾಯ್ಡ್‌ಗೆ WiFiAnalyzer ಸಾಕು. ಫೋನು ಯಾವುದಕ್ಕೆ ಅಂಟಿದೆ ಎಂಬುದನ್ನು ಗೆರೆಗಳನ್ನು ನೋಡಿ ಊಹಿಸಬೇಡಿ. ಎರಡೂ ರೌಟರ್‌ಗಳ ಪುಟದಲ್ಲಿ ವೈಫೈಗೆ ಸೇರಿರುವ ಸಾಧನಗಳ ಪಟ್ಟಿ ತೆರೆದು, ಫೋನಿನ Wi-Fi Address ಯಾವುದರಲ್ಲಿದೆ ನೋಡಿ.

ಶಕ್ತಿ ಇಳಿಸಿ ಎಂದ ಕೂಡಲೇ ಜನ ಗಾಬರಿಯಾಗುತ್ತಾರೆ. ನಿಜಕ್ಕೂ ಕಳೆದುಕೊಳ್ಳುವುದೇನು? ಕೊಟ್ಟಿಗೆಯ ಹತ್ತಿರ, ಅಂಗಳದ ಕೊನೆಯಲ್ಲಿ ಸಿಗ್ನಲ್ ತೆಳುವಾಗುತ್ತದೆ. ಗೇಟಿನ ಬಳಿ ಕ್ಯಾಮೆರಾ ಇದ್ದರೆ ಅದು ಬಹುಮಟ್ಟಿಗೆ 2.4ರ ಮೇಲೇ ನಡೆಯುತ್ತಿರುತ್ತದೆ. ಇಳಿಸಿದ ಮೇಲೆ ಮಳೆ ಸುರಿಯುವಾಗ ಒಮ್ಮೆ ಅದರ ಚಿತ್ರ ನೋಡಿ. ಒದ್ದೆ ಎಲೆ, ನೆಂದ ಗೋಡೆ ಇನ್ನಷ್ಟು ಸಿಗ್ನಲ್ ನುಂಗುತ್ತವೆ. ಕ್ಯಾಮೆರಾ ತಡವರಿಸಿದರೆ ಒಂದು ಮೆಟ್ಟಿಲು ಮೇಲೇರಿಸಿ.

ಪಡೆದುಕೊಳ್ಳುವುದು ಇದಕ್ಕಿಂತ ಹೆಚ್ಚು, ಅದೂ ಮನೆಯವರೆಲ್ಲರಿಗೆ. ದೂರದಿಂದ ಜೋತುಬಿದ್ದ ಫೋನು ನಿಧಾನವಾಗಿ ಮಾತಾಡುತ್ತದೆ, ಅದು ಮುಗಿಸುವವರೆಗೆ ಆ ಚಾನೆಲ್‌ನಲ್ಲಿ ಬೇರೆಯವರು ಕಾಯಬೇಕು. 1500 ಬೈಟಿನ ಒಂದು ತುಣುಕನ್ನು 54 ಎಂಬಿಪಿಎಸ್ ವೇಗದಲ್ಲಿ ಕಳಿಸಲು ಸುಮಾರು 0.2 ಮಿಲಿಸೆಕೆಂಡ್ ಬೇಕು, 1 ಎಂಬಿಪಿಎಸ್‌ನಲ್ಲಾದರೆ 12. ಹಿತ್ತಿಲ ಕೋಣೆಯ ಫೋನು ಅಂಟಿಕೊಂಡಿದ್ದರೆ ಜಗಲಿಯಲ್ಲಿ ಕೂತವರ ವಿಡಿಯೋ ನಿಲ್ಲುವುದು ಇದರಿಂದಲೇ.

ಇಷ್ಟಾದ ಮೇಲೆ ದೊಡ್ಡ ಡಬ್ಬಿ ಮಾರುವವರ ಮಾತಿಗೆ ಬರೋಣ. ರೌಟರ್ ಜೋರಾಗಿ ಕೂಗಿದರೆ ಫೋನಿಗೆ ಕೇಳಿಸುತ್ತದೆ, ಸರಿ. ಫೋನಿನ ದನಿ ಜೋರಾಗುತ್ತದೆಯೇ? ಫೋನಿನ ಪ್ರಸಾರ ಶಕ್ತಿ ರೌಟರಿಗಿಂತ ಕಮ್ಮಿ, ಅದನ್ನು ಯಾವ ಅಂಗಡಿಯೂ ಏರಿಸಿ ಕೊಡುವುದಿಲ್ಲ. ಪರಿಣಾಮ, ನಿಮ್ಮ ಫೋನಿಗೆ ಜಗಲಿಯ ರೌಟರ್ ಮೈನಸ್ 60ರಲ್ಲಿ ಕೇಳುತ್ತದೆ, ಅದು ಇನ್ನೂ ಗಟ್ಟಿಯಾಗಿ ಅಂಟುತ್ತದೆ, ನೀವು ಮಾತಾಡಿದ್ದು ಮಾತ್ರ ಆ ಕಡೆಗೆ ತುಂಡು ತುಂಡಾಗಿ ಹೋಗುತ್ತದೆ. ಫೋನಿನಲ್ಲಿ ಗೆರೆ ತುಂಬಿದೆ, ಎದುರಿನವರಿಗೆ ಮಾತು ಕೇಳುತ್ತಿಲ್ಲ ಅಂದರೆ ಕಾಯಿಲೆ ಇದೇ. ಇದನ್ನು ತಿಳಿಯದೆ ಡಬ್ಬಿ ಮಾರುವುದು ತಪ್ಪು, ತಿಳಿದೂ ಮಾರುವುದು ಮೋಸ.

ಕೆಲವು ರೌಟರ್‌ಗಳಲ್ಲಿ Roaming Assistant ಅಥವಾ Minimum RSSI ಎಂಬ ಆಯ್ಕೆ ಇರುತ್ತದೆ. ನೀವು ಕೊಟ್ಟ ಅಂಕಿಗಿಂತ ಸಿಗ್ನಲ್ ಇಳಿದರೆ ರೌಟರೇ ಫೋನನ್ನು ಹೊರಗೆ ತಳ್ಳುತ್ತದೆ. ಯೂಟ್ಯೂಬ್ ನೋಡಿ ಇದನ್ನು ಮೈನಸ್ 65ಕ್ಕೆ ಇಟ್ಟವರ ಮನೆಗಳಲ್ಲಿ ಫೋನು ಎರಡರ ನಡುವೆ ಒದ್ದಾಡುವುದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಗೆ ಇನ್ನೊಂದು ಅಪಾಯವಿದೆ: ಹಿತ್ತಿಲ ರೌಟರ್ ಸತ್ತಾಗಲೂ ಜಗಲಿಯದು ಫೋನನ್ನು ತಳ್ಳುತ್ತದೆ, ಫೋನಿಗೆ ಹೋಗಲು ಜಾಗವೇ ಇರುವುದಿಲ್ಲ. ಶಕ್ತಿ ಇಳಿಸಿದಾಗ ಹಾಗಾಗದು. ಬೇರೆ ಗತಿಯಿಲ್ಲದಿದ್ದರೆ ಮೈನಸ್ 72ರಲ್ಲೂ ಫೋನು ನಿಧಾನವಾಗಿಯಾದರೂ ನಡೆಯುತ್ತದೆ. 802.11k ಮತ್ತು 802.11v ಆಯ್ಕೆಗಳಿದ್ದರೆ ಎರಡೂ ರೌಟರ್‌ಗಳಲ್ಲಿ ಆನ್ ಮಾಡಿ. ಮೊದಲನೆಯದು ಅಕ್ಕಪಕ್ಕದ ರೌಟರ್‌ಗಳ ಪಟ್ಟಿ ಕೊಡುತ್ತದೆ, ಎರಡನೆಯದು ಅಲ್ಲಿಗೆ ಹೋಗು ಎಂದು ಸೂಚಿಸುತ್ತದೆ. ಸೂಚನೆ ಅಷ್ಟೇ, ಫೋನು ಬೇಡ ಎನ್ನಬಹುದು. ಹಾರುವುದನ್ನು ಚುರುಕಾಗಿಸುವ 802.11r ಆನ್ ಮಾಡಿದ ಮೇಲೆ ಹಳೆಯ ಪ್ರಿಂಟರ್, ಹಳೆಯ ಫೋನು ಸೇರದಿದ್ದರೆ ಅದನ್ನು ಆಫ್ ಮಾಡಿಬಿಡಿ.

ಪ್ರಶ್ನೆ: ಸಿಗ್ನಲ್ ಬೂಸ್ಟರ್ ಆ್ಯಪ್ ಹಾಕಿದರೆ ಫೋನು ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದಂತೆ, ಹೌದಾ? (ಕಾರವಾರ)

ಉತ್ತರ: ಸುಳ್ಳು. ಫೋನಿನ ರೇಡಿಯೋ ಶಕ್ತಿಯನ್ನು ಏರಿಸುವ ಅಧಿಕಾರ ಅಂಥ ಆ್ಯಪ್‌ಗೆ ಇಲ್ಲವೇ ಇಲ್ಲ. ಅಳಿಸಿ.

ಪ್ರಶ್ನೆ: ಎರಡು ರೌಟರ್‌ಗೂ ಬೇರೆ ಬೇರೆ ಹೆಸರು ಇಟ್ಟರೆ ಒಳ್ಳೆಯದಲ್ಲವೇ? (ಕುಮಟಾ)

ಉತ್ತರ: ಓಡಾಡುವ ಫೋನಿಗೆ ಅಲ್ಲ. ಹೆಸರು ಬೇರೆಯಾದರೆ ಫೋನು ಅದನ್ನು ಬೇರೆ ಊರಿನ ವೈಫೈ ಎಂದೇ ಎಣಿಸಿ, ಹಳೆಯದು ಪೂರ್ತಿ ಕಡಿಯುವವರೆಗೆ ಬಹುಮಟ್ಟಿಗೆ ಬಿಡುವುದೇ ಇಲ್ಲ. ಕೂತಲ್ಲೇ ಇರುವ ಟಿವಿಗೆ ಬೇಕಾದರೆ ಮಾಡಿ.

ಪ್ರಶ್ನೆ: ಲ್ಯಾಪ್‌ಟಾಪೂ ಹೀಗೇ ಮಾಡುತ್ತದೆ. (ಯಲ್ಲಾಪುರ)

ಉತ್ತರ: ಫೋನಿನಲ್ಲಿಲ್ಲದ ಕೀಲಿ ಅದರಲ್ಲಿದೆ. ವಿಂಡೋಸ್‌ನಲ್ಲಿ ಇಂಟೆಲ್ ವೈಫೈ ಕಾರ್ಡ್ ಇದ್ದರೆ Device Manager ತೆರೆದು ಆ ಕಾರ್ಡಿನ Advanced ಪುಟದಲ್ಲಿ Roaming Aggressiveness ಅನ್ನು ಒಂದು ಮೆಟ್ಟಿಲು ಏರಿಸಿ. ಯಾವ ರೌಟರ್‌ನಲ್ಲಿದೆ ಎಂದು ನೋಡಲು Command Prompt ತೆರೆದು ಇದನ್ನು ಕೊಟ್ಟು, ರೌಟರಿನ ವೈಫೈ ವಿಳಾಸ ತೋರಿಸುವ BSSID ಸಾಲು ಓದಿ:

```
netsh wlan show interfaces
```

ಪ್ರಶ್ನೆ: ಹೋಂಸ್ಟೇಯ ಕಾಟೇಜಿಗೆ ಬೇರೆ ರೌಟರ್ ಹಾಕಿದ್ದೇವೆ, ಹೆಸರು ಒಂದೇ. ಅಲ್ಲಿಗೆ ನಡೆದು ಹೋದ ಕೂಡಲೇ ಅತಿಥಿಗಳ ವಾಟ್ಸ್ಆ್ಯಪ್ ಕರೆ ಕಟ್ಟಾಗುತ್ತದೆ. (ಹೊನ್ನಾವರ)

ಉತ್ತರ: ಇದು ಅಂಟಿಕೊಳ್ಳುವ ತೊಂದರೆಯಲ್ಲ, ಫೋನು ಸರಿಯಾಗಿಯೇ ಹಾರಿದೆ, ಇಳಿದ ಜಾಗ ಬೇರೆ ನೆಟ್‌ವರ್ಕ್. ಮನೆಯಲ್ಲಿ 192.168.1.x, ಕಾಟೇಜಿನಲ್ಲಿ 192.168.0.x ಎಂದು ವಿಳಾಸ ಬರುತ್ತಿದ್ದರೆ ಎರಡನೇ ರೌಟರ್ ತಾನೂ ವಿಳಾಸ ಹಂಚುತ್ತಿದೆ ಎಂದರ್ಥ. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಸ್ವಂತ ವಿಳಾಸವನ್ನು ಮನೆಯ ಸಾಲಿನಲ್ಲೇ ಖಾಲಿಯಿರುವ ಒಂದು ವಿಳಾಸಕ್ಕೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು WAN ಬಿಟ್ಟು LAN ತೂತಿಗೆ ಚುಚ್ಚಿ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಮನೆಯಿಂದ ಕಾಟೇಜಿಗೆ ತೋಟದ ಮೇಲೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಮುಂದಿನ ಸಿಡಿಲಿಗೆ ಎರಡೂ ಕಡೆಯ ಡಬ್ಬಿಗಳು ಸುಡಬಹುದು. ನಮ್ಮ ಜಿಲ್ಲೆಯ ಗುಡುಗು-ಮಿಂಚಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯಲು ನಾನು ಒಪ್ಪುವುದಿಲ್ಲ. ಲೋಹದ ತಂತಿಯಿಲ್ಲದ ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿಸಿ.